ಸಹಾಯ ಬೇಕು: ವೇರಿಯನ್ಸ್‌ಗೆ 4ರಿಂದ ಭಾಗಿಸಬೇಕಾ, 6ರಿಂದಲಾ?

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ನಮ್ಮ ಕಣದಲ್ಲಿ ಒಣಗಿಸಿದ ಕಾಫಿಯ ತೇವಾಂಶ ಅಳೆದೆ. ಒಂದು ರಾಶಿಯಿಂದ ಐದು ಸಲ: 10.4, 11.0, 10.8, 11.6, 11.2. ಸರಾಸರಿ 11. ವ್ಯತ್ಯಾಸಗಳ ವರ್ಗಗಳ ಮೊತ್ತ 0.80.

ಇದನ್ನು 4ರಿಂದ ಭಾಗಿಸಿದರೆ 0.20, 5ರಿಂದ 0.16, 6ರಿಂದ 0.133. ನಮ್ಮ ಮೇಷ್ಟ್ರು n-1 ಅಂದರೆ 4 ಮಾತ್ರ ಸರಿ, ಅದರಲ್ಲೇ ಬಯಾಸ್ ಇಲ್ಲ ಅಂತಾರೆ.

ಆದರೆ ದತ್ತಾಂಶ ನಾರ್ಮಲ್ ಅಂದುಕೊಂಡು, c ಎಂಬ ಭಾಜಕಕ್ಕೆ ಮೀನ್ ಸ್ಕ್ವೇರ್ಡ್ ಎರರ್ ಲೆಕ್ಕ ಹಾಕಿದೆ (σ⁴ನ ಎಷ್ಟು ಪಟ್ಟು ಅಂತ):

```
(2(n-1) + (n-1-c)²) / c²
```

ಮೊದಲ ಭಾಗ ವೇರಿಯನ್ಸ್, ಎರಡನೆಯದು ಬಯಾಸ್‌ನ ವರ್ಗ. n=5 ಆದಾಗ c=4ಕ್ಕೆ 0.50, 5ಕ್ಕೆ 0.36, 6ಕ್ಕೆ 0.333, 7ಕ್ಕೆ ಮತ್ತೆ ಏರಿ 0.347. ಅಂದರೆ 6ರಲ್ಲಿ ಉತ್ತರ ಸ್ವಲ್ಪ ಕಮ್ಮಿಯಾಗಿ ಬಂದರೂ ಅಲುಗಾಟ ಅದಕ್ಕಿಂತ ಜಾಸ್ತಿ ಇಳಿಯುತ್ತದೆ, ಅಲ್ವಾ?

ತಲೆಕೆಟ್ಟಿದ್ದು ಇಲ್ಲಿ. ಇಂಥ 30 ರಾಶಿಗಳಿವೆ. ನಿಜವಾದ ವೇರಿಯನ್ಸ್ ಎಲ್ಲದಕ್ಕೂ ಒಂದೇ ಅಂದುಕೊಂಡು ಅಂದಾಜುಗಳ ಸರಾಸರಿ ತೆಗೆದರೆ, 4ರ ತಪ್ಪು 0.017ಕ್ಕೆ ಇಳಿಯುತ್ತದೆ. 6ರದ್ದು 0.119ರಲ್ಲೇ ನಿಲ್ಲುತ್ತದೆ, ಬಯಾಸ್ ಕರಗುವುದಿಲ್ಲವಲ್ಲ!

ಹಾಗಾದರೆ ಒಂದೇ ರಾಶಿಗೆ 6, ಸರಾಸರಿ ತೆಗೆಯುವಾಗ 4 ಅಂತ ಬರೆಯಬಹುದಾ? ತೇವಾಂಶ ನಾರ್ಮಲ್ ಅಲ್ಲದಿದ್ದರೆ 6 ಕೂಡ ಬದಲಾಗುತ್ತದೆ, ಅದನ್ನು ಐದೇ ಅಳತೆಯಲ್ಲಿ ಹೇಗೆ ನೋಡಲಿ? ಗೊತ್ತಿರುವವರು ದಯವಿಟ್ಟು ಹೇಳಿ. ಸೋಮವಾರ ವೈವಾ ಇದೆ.