ಪದಚರ್ಚೆ: ‘ಮೂವರು ಒಟ್ಟಿಗೆ ಕೂರಬಾರದು’ ಅಂದರೆ ಏನರ್ಥ?

ಶೈಲಜಾ, ಡೊಂಬಿವಿಲಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಹನ್ನೊಂದನೇ ಕ್ಲಾಸಿನ ಮಕ್ಕಳಿಗೆ ಗಣಿತದ ಟ್ಯೂಷನ್ ಮಾಡುತ್ತೇನೆ. ಕೆಲವರು ಹತ್ತರವರೆಗೆ ಮುಂಬಯಿಯ ಕನ್ನಡ ಶಾಲೆಯಲ್ಲೇ ಓದಿದವರು. ಕಾಲೇಜಿಗೆ ಹೋದ ಮೇಲೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅವರಿಗೆ ಸೂತ್ರ ಬರುತ್ತದೆ, ಪ್ರಶ್ನೆ ಏನು ಕೇಳುತ್ತಿದೆ ಅನ್ನೋದು ಹತ್ತುವುದಿಲ್ಲ. ಅದಕ್ಕೆ ಪರ್ಮ್ಯುಟೇಶನ್ ಲೆಕ್ಕಗಳನ್ನು ಕನ್ನಡದಲ್ಲಿ ಬರೆದು ಕೊಡುತ್ತಿದ್ದೇನೆ. ಅದರಲ್ಲಿ ಒಂದು:

‘ಗಣೇಶೋತ್ಸವದ ವೇದಿಕೆಯಲ್ಲಿ ಸಾಲಾಗಿ ಏಳು ಕುರ್ಚಿ ಇವೆ. ನಾಲ್ವರು ಹುಡುಗರು, ಮೂವರು ಹುಡುಗಿಯರು ಕೂರಬೇಕು. ಮೂವರು ಹುಡುಗಿಯರು ಒಟ್ಟಿಗೆ ಕೂರಬಾರದು. ಎಷ್ಟು ಬಗೆಯಲ್ಲಿ ಕೂರಿಸಬಹುದು?’

ಒಬ್ಬಳು 4320 ಅಂದಳು, ಇನ್ನೊಬ್ಬ 1440 ಅಂದ. ಇಬ್ಬರ ಲೆಕ್ಕವನ್ನೂ ನೋಡಿದೆ, ಎರಡೂ ಸರಿ. ಅವಳು ಅಂದುಕೊಂಡದ್ದು ಮೂವರೂ ಒಂದೇ ಗುಂಪಾಗಿ ಇರಬಾರದು, ಇಬ್ಬರು ಜೊತೆಗಿದ್ದರೆ ಪರವಾಗಿಲ್ಲ ಅಂತ. ಅವನ ಪ್ರಕಾರ ಇಬ್ಬರೂ ಪಕ್ಕಪಕ್ಕ ಇರುವ ಹಾಗಿಲ್ಲ. ವಾಕ್ಯ ಎರಡಕ್ಕೂ ಒಪ್ಪುತ್ತದೆ ಅಲ್ವಾ? ಇದನ್ನು ಬೇರೆ ಬೇರೆ ಮಾಡಿ ಹೇಳುವುದು ಹೇಗೆ?

ಗಿರೀಶ, ಥಾಣೆ

ಶೈಲಜಾ ಅವರೇ, ಒಂದು ‘ಊ’ ಸೇರಿಸಿದರೆ ಆಯ್ತು. ‘ಮೂವರೂ ಒಟ್ಟಿಗೆ ಕೂರಬಾರದು’ ಅಂದರೆ ನಿಮ್ಮ 4320. ‘ಯಾವ ಇಬ್ಬರೂ ಅಕ್ಕಪಕ್ಕ ಕೂರಬಾರದು’ ಅಂದರೆ ಎರಡನೆಯದು.

ಆದರೆ ಆ ಹುಡುಗನ 1440 ನನಗೆ ಬರುತ್ತಿಲ್ಲ. ನಿರ್ಬಂಧ ಏನೂ ಇಲ್ಲದಿದ್ದರೆ 7! = 5040. ಇಬ್ಬರು ಹುಡುಗಿಯರನ್ನು ಜೋಡಿ ಮಾಡಿ ಒಬ್ಬರಂತೆ ಎಣಿಸಿದರೆ 6! × 2 = 1440. ಅಂಥ ಜೋಡಿ ಮೂರು, ಒಟ್ಟು 4320. ಕಳೆದರೆ ಉಳಿಯುವುದು 720. ಅವನು ಒಂದೇ ಜೋಡಿಯನ್ನು ಎಣಿಸಿ ನಿಲ್ಲಿಸಿರಬೇಕು, ನೋಡಿ.

ಪ್ರಭಾಕರ, ವಾಸ್ಕೋ

ಇಷ್ಟಕ್ಕೆ ಸಾವಿರಗಟ್ಟಲೆ ಯಾಕೆ? ನಮ್ಮ ಸಭೆಗೆ ನಾಲ್ಕು ಬಿಳಿ, ಮೂರು ಕೆಂಪು ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಡುತ್ತೇವೆ. ಎರಡು ಕೆಂಪು ಪಕ್ಕಪಕ್ಕ ಬಂದರೆ ಚೆನ್ನಾಗಿ ಕಾಣಲ್ಲ. ಸುಮ್ನೆ ಕಾಗದದ ಮೇಲೆ ಬರೆದು ನೋಡಿದೆ, ಹತ್ತೇ ಬಗೆ ಬರುತ್ತದೆ. ಉತ್ತರ 10. ಅಂದ ಹಾಗೆ, ಹುಡುಗಿಯರು ಒಟ್ಟಿಗೆ ಕೂತರೆ ತೊಂದರೆ ಏನು? ನನಗೆ ಅದೇ ಅರ್ಥವಾಗಲಿಲ್ಲ.

ರಾಘವೇಂದ್ರ, ಪುಣೆ

ಪ್ರಭಾಕರ ಅವರು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದಾರೆ. ಆದರೆ ಅವರ ಹತ್ತು ಬಹಳ ಕೆಲಸಕ್ಕೆ ಬರುತ್ತದೆ, ಅದರಿಂದಲೇ ಶುರು ಮಾಡೋಣ.

ಮೊದಲು ಹುಡುಗರನ್ನು ನಿಲ್ಲಿಸಿ. ಅವರ ಮೇಲೆ ಯಾವ ಕಟ್ಟುಪಾಡೂ ಇಲ್ಲ, ಹಾಗಾಗಿ 4! = 24 ಬಗೆ. ಈಗ ಹುಡುಗರ ನಡುವೆ ಮೂರು ಸಂದು, ಎರಡು ತುದಿಯಲ್ಲಿ ಎರಡು ಜಾಗ, ಒಟ್ಟು ಐದು. ಒಂದೊಂದು ಜಾಗಕ್ಕೆ ಒಬ್ಬಳೇ ಹುಡುಗಿ ಅಂದುಬಿಟ್ಟರೆ ಇಬ್ಬರು ಪಕ್ಕಪಕ್ಕ ಬರುವ ಮಾತೇ ಇಲ್ಲ. ಐದರಲ್ಲಿ ಮೂರು ಜಾಗ ಆರಿಸಲು 10 ಬಗೆ. ಕೆಂಪು ಕುರ್ಚಿಗಳಿಗೆ ಹೆಸರಿಲ್ಲ, ಅಲ್ಲಿಗೆ ಮುಗಿಯಿತು. ಇಲ್ಲಿ ಇರುವುದು ಮನುಷ್ಯರು. ಆರಿಸಿದ ಮೂರು ಜಾಗದಲ್ಲಿ ಯಾರು ಎಲ್ಲಿ ಅನ್ನೋದಕ್ಕೆ ಮತ್ತೆ 6 ಬಗೆ. 24 × 10 × 6 = 1440. ಆ ಹುಡುಗನ ಉತ್ತರ ಸರಿಯೇ.

ತುದಿಯ ಜಾಗ ಮರೆತರೆ ಮೂರೇ ಸಂದು ಉಳಿಯುತ್ತವೆ, ಉತ್ತರ 144. ಅದು ಹುಡುಗ ಹುಡುಗಿ ಒಬ್ಬರ ನಂತರ ಒಬ್ಬರು ಬರುವ ಲೆಕ್ಕ. ಅಲ್ಲಿ ಹುಡುಗರೂ ಪಕ್ಕಪಕ್ಕ ಇರುವಂತಿಲ್ಲ, ಹಾಗಂತ ಪ್ರಶ್ನೆ ಹೇಳಿಲ್ಲ.

ಹುಡುಗಿಯರನ್ನೇ ಮೊದಲು ಕೂರಿಸಬಾರದೇ ಅಂತ ಮಕ್ಕಳು ಕೇಳುತ್ತಾರೆ. ಕೂರಿಸಬಹುದು, ಆದರೆ ಕಷ್ಟ. ಆಗ ಅವರ ನಡುವಿನ ಎರಡೂ ಸಂದಿನಲ್ಲಿ ಒಬ್ಬ ಹುಡುಗನಾದರೂ ಇರಬೇಕು. ಒಂದರಲ್ಲಿ ಇಬ್ಬರೋ ಮೂವರೋ ಇರಬಹುದು. ಇಂಥ ಒಂದೊಂದು ಹಂಚಿಕೆಯನ್ನೂ ಬೇರೆ ಬೇರೆ ಎಣಿಸಬೇಕಾಗುತ್ತದೆ. ಅದಕ್ಕೇ ಕಟ್ಟುಪಾಡು ಇಲ್ಲದವರು ಮೊದಲು, ಇರುವವರು ಆಮೇಲೆ.

ಇನ್ನು ಗಿರೀಶರ 720. ಹುಡುಗಿಯರನ್ನು ಅ, ಇ, ಉ ಅನ್ನಿ. ಮೂವರೂ ‘ಅ ಇ ಉ’ ಅಂತ ಒಂದರ ಪಕ್ಕ ಒಂದು ಕೂತಿದ್ದಾರೆ ಅಂತಿಟ್ಟುಕೊಳ್ಳಿ. ಈ ಸಾಲು ‘ಅ ಇ’ ಜೋಡಿಯ ಲೆಕ್ಕದಲ್ಲೂ ಬರುತ್ತದೆ, ‘ಇ ಉ’ ಜೋಡಿಯ ಲೆಕ್ಕದಲ್ಲೂ ಬರುತ್ತದೆ. ಒಂದೇ ಸಾಲನ್ನು ಎರಡು ಸಲ ಕಳೆದಂತಾಯಿತು. ಮೂವರೂ ಗುಂಪಾಗಿರುವ ಸಾಲುಗಳು ಎಷ್ಟು? ಗುಂಪನ್ನು ಒಬ್ಬರು ಅಂತ ಹಿಡಿದರೆ 5!, ಒಳಗೆ 3!, ಅಂದರೆ 720. ಅಷ್ಟನ್ನು ವಾಪಸ್ ಕೂಡಿಸಿದರೆ 720 + 720 = 1440. ಅವರಿಗೆ ಉಳಿದ 720, ಗುಂಪಿನ ಈ 720, ಎರಡೂ ಒಂದೇ ಆಗಿರುವುದು ಬರೀ ಕಾಕತಾಳೀಯ. ಆದರೆ ಅಪಾಯಕಾರಿ ಕಾಕತಾಳೀಯ. ನಾಲ್ಕು ಆಯ್ಕೆ ಕೊಟ್ಟ ಪ್ರಶ್ನೆಯಲ್ಲಿ 144, 720, 1440, 4320 ಎಲ್ಲ ಇದ್ದರೆ, ತನಗೆ ಬಂದ ಸಂಖ್ಯೆ ಅಲ್ಲಿ ಕಂಡಿತು ಅಂತ ಹುಡುಗರು ಖುಷಿಯಲ್ಲಿ ಟಿಕ್ ಹಾಕಿಬಿಡುತ್ತಾರೆ.

ಸರಿಯಾಗಿದೆಯೇ ಅಂತ ತಾಳೆ ನೋಡಲು ಉಳಿದ ಬಗೆಯನ್ನೂ ನೇರವಾಗಿ ಎಣಿಸಿ. ಇಬ್ಬರು ಪಕ್ಕಪಕ್ಕ, ಮೂರನೆಯವಳು ದೂರ. ಜೋಡಿಯನ್ನು ಎಡಬಲ ಸಮೇತ ಆರಿಸಲು 6 ಬಗೆ, ಜೋಡಿಗೆ ಐದರಲ್ಲಿ ಒಂದು ಜಾಗ, ಒಂಟಿ ಹುಡುಗಿಗೆ ಉಳಿದ ನಾಲ್ಕರಲ್ಲಿ ಒಂದು, ಹುಡುಗರಿಗೆ 24. ಗುಣಿಸಿದರೆ 2880. ಈಗ 720 + 2880 + 1440 = 5040. ಎಲ್ಲ ಸಾಲುಗಳೂ ಒಂದೊಂದೇ ಸಲ ಬಂದಿವೆ. ಶೈಲಜಾ ಅವರ ವಿದ್ಯಾರ್ಥಿನಿಯ 4320 ಇದರಲ್ಲಿ ಕೊನೆಯ ಎರಡರ ಮೊತ್ತ.

ಶೈಲಜಾ, ಡೊಂಬಿವಿಲಿ

ರಾಯರೇ, ಈ ಮೂರು ಭಾಗ ಮಾಡಿ ಕೂಡಿಸುವುದನ್ನೇ ನಾಳೆ ಬೋರ್ಡ್ ಮೇಲೆ ಹಾಕುತ್ತೇನೆ. ಗಿರೀಶ ಅವರ ‘ಊ’ ಸೇರಿಸಿದರೆ ನಡೆಯುತ್ತದೆಯೇ, ಅದನ್ನು ಹೇಳಲೇ ಇಲ್ಲ.

ರಾಘವೇಂದ್ರ, ಪುಣೆ

ನನಗೆ ಅನುಮಾನ. ‘ಮೂವರೂ ಬರಲಿಲ್ಲ’ ಅಂದರೆ ಏನರ್ಥ? ಒಬ್ಬರೂ ಬರಲಿಲ್ಲ ಅಂತ ತಾನೇ? ಇಬ್ಬರು ಬಂದು ಒಬ್ಬರು ಉಳಿದರು ಅಂತ ಯಾರೂ ತಿಳಿಯುವುದಿಲ್ಲ. ನಮ್ಮಲ್ಲಿ ‘ಊ’ ಮುಂದೆ ‘ಇಲ್ಲ’, ‘ಬಾರದು’ ಬಂದರೆ ನಿಷೇಧ ಒಬ್ಬೊಬ್ಬರಿಗೂ ತಗಲುತ್ತದೆ. ಹಾಗೆ ನೋಡಿದರೆ ‘ಮೂವರೂ ಒಟ್ಟಿಗೆ ಕೂರಬಾರದು’ 1440ರ ಕಡೆಗೇ ವಾಲುತ್ತದೆ. ‘ಯಾವ ಇಬ್ಬರೂ ಅಕ್ಕಪಕ್ಕ’ ಅನ್ನುವುದು ಮಾತ್ರ ಗಟ್ಟಿ, ಅದನ್ನು ಒಪ್ಪುತ್ತೇನೆ. ಇನ್ನೊಂದಕ್ಕೆ ನಾನಾದರೆ ‘ಇಬ್ಬರು ಅಕ್ಕಪಕ್ಕ ಕೂರಬಹುದು, ಮೂವರೂ ಸಾಲಾಗಿ ಕೂರುವಂತಿಲ್ಲ’ ಅಂತ ಬರೆಯುತ್ತೇನೆ. ಏನು ನಡೆಯುತ್ತದೆ ಅಂತ ಹೇಳಿಬಿಟ್ಟರೆ ಜಗಳ ಇಲ್ಲ.

ಗಿರೀಶ, ಥಾಣೆ

720 ಎರಡು ಸಲ ಕಳೆದದ್ದು ಒಪ್ಪಿದೆ. ವ್ಯಾಕರಣ ಒಪ್ಪಲಿಲ್ಲ. ‘ಮೂವರೂ ಬರಲಿಲ್ಲ’ದಲ್ಲಿ ಬರುವುದು ಒಬ್ಬೊಬ್ಬರ ಕೆಲಸ. ಒಟ್ಟಿಗೆ ಕೂರುವುದು ಒಬ್ಬರ ಕೆಲಸ ಅಲ್ಲ, ಮೂವರು ಸೇರಿಯೇ ಆಗಬೇಕು. ‘ಮೂವರೂ ಒಂದೇ ಸ್ಕೂಟರಿನಲ್ಲಿ ಹೋಗಬೇಡಿ’ ಅಂತ ನಮ್ಮಮ್ಮ ಹೇಳಿದರೆ ಇಬ್ಬರು ಹೋಗುತ್ತೇವೆ, ಒಬ್ಬ ರಿಕ್ಷಾ ಹಿಡಿಯುತ್ತಾನೆ. ಯಾರೂ ಮನೆಯಲ್ಲಿ ಉಳಿಯುವುದಿಲ್ಲ. ಮತ್ತೆ ನಿಮ್ಮ ವಾಕ್ಯದಲ್ಲಿ ಉತ್ತರದ ದಾರಿಯೂ ಅರ್ಧ ಹೇಳಿದಂತಾಗುತ್ತದೆ. ಪರೀಕ್ಷೆಯ ಪ್ರಶ್ನೆಗೆ ಅಷ್ಟು ಬೇಕೇ?

ಪ್ರಭಾಕರ, ವಾಸ್ಕೋ

ಕುರ್ಚಿಗೆ ನಂಬರ್ ಅಂಟಿಸಿದರೆ ನನ್ನದೂ 1440 ಆಗುತ್ತದಾ?

ರಾಘವೇಂದ್ರ, ಪುಣೆ

ಏಳಕ್ಕೂ ಬೇರೆ ಬೇರೆ ನಂಬರ್ ಅಂಟಿಸಿದರೆ ಆಗುತ್ತದೆ. ಕೆಂಪಿಗೆ ಮಾತ್ರ ಅಂಟಿಸಿದರೆ 60. ಗಿರೀಶರ ಸ್ಕೂಟರಿಗೆ ಉತ್ತರ ಯೋಚಿಸುತ್ತಿದ್ದೇನೆ.