ಪ್ರಶ್ನೋತ್ತರ: ಟೆಸ್ಟ್ ಸರ್ವರ್‌ನಲ್ಲಿದ್ದ ರೋಗಿಗಳ ಡೇಟಾ ಹೋಗಿದೆ, ಯಾರಿಗೆ ಹೇಳಬೇಕು?

ಕಿರಣ್, ಮೈಸೂರು: ಮೇಡಂ, ನಮ್ಮದು ಆರು ಜನರ ಕಂಪನಿ. ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್, ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತೇವೆ. ನಮ್ಮ ಹುಡುಗ ಬಗ್ ಹುಡುಕಲು ಲೈವ್ ಮಾಂಗೋಡಿಬಿ ಡೇಟಾಬೇಸನ್ನೇ ಕಾಪಿ ಮಾಡಿ ಟೆಸ್ಟ್ ಸರ್ವರ್‌ಗೆ ಹಾಕಿದ್ದ, ಪಾಸ್‌ವರ್ಡ್ ಇರಲಿಲ್ಲ. ಇವತ್ತು ನೋಡಿದರೆ ಎಲ್ಲ ಖಾಲಿ. `READ_ME_TO_RECOVER_YOUR_DATA` ಅಂತ ಒಂದು ಹೊಸ ಡೇಟಾಬೇಸ್ ಕೂತಿದೆ. ಲೈವ್ ಸರ್ವರ್ ಚೆನ್ನಾಗಿದೆ. ಟೆಸ್ಟ್ ಕಾಪಿ ತಾನೇ, ಆ ಸರ್ವರ್ ಡಿಲೀಟ್ ಮಾಡಿ ಮುಗಿಸಬಹುದಾ?

ಸುಮಾ ಮೇಡಂ: ಡಿಲೀಟ್ ಮಾಡಬೇಡಿ. ಆಫ್ ಕೂಡ ಮಾಡಬೇಡಿ. ಎಷ್ಟು ಗಂಟೆಗೆ ನೋಡಿದಿರಿ?

ಕಿರಣ್: ಒಂಬತ್ತೂವರೆಗೆ.

ಸುಮಾ ಮೇಡಂ: ಹಾಗಾದರೆ ಮೂರೂವರೆ ಒಳಗೆ, ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ಮೇಲ್ ಹೋಗಬೇಕು. 2022ರ ಏಪ್ರಿಲ್ 28ರ ಆದೇಶ ಅದು. ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ವೈಯಕ್ತಿಕ ಡೇಟಾ ರಕ್ಷಣೆಯ ಹೊಸ ಕಾಯ್ದೆ, ಅಂದರೆ ಡಿಪಿಡಿಪಿ, ಇನ್ನೂ ಪೂರ್ತಿ ಬಂದಿಲ್ಲ ಅಂತ ಕೂತವರು ಮರೆಯುವುದು ಇದನ್ನೇ. ವಿಳಾಸ incident@cert-in.org.in. ಪೂರ್ತಿ ವಿವರ ಸಿಗಲಿ ಅಂತ ಕಾಯಬೇಡಿ. ಏನಾಯಿತು, ಯಾವಾಗ ಗೊತ್ತಾಯಿತು, ಯಾವ ಸರ್ವರ್, ಈವರೆಗೆ ಏನು ಮಾಡಿದಿರಿ, ಇಷ್ಟು ಸಾಕು. ಉಳಿದದ್ದು ಆಮೇಲೆ ಕಳಿಸಬಹುದು.

ಮೊದಲು ಹೊರಗಿನ ದಾರಿ ಮುಚ್ಚಿ. ಕ್ಲೌಡ್ ಫೈರ್‌ವಾಲ್‌ನಲ್ಲಿ ನಿಮ್ಮ ಆಫೀಸ್ ಐಪಿ ಬಿಟ್ಟು ಬೇರೆ ಯಾವುದನ್ನೂ ಒಳಗೆ ಬಿಡಬೇಡಿ. ಆಮೇಲೆ ಡಿಸ್ಕ್‌ನ ಸ್ನ್ಯಾಪ್‌ಶಾಟ್ ತೆಗೆದು ಬೇರೆ ಕಡೆ ಇಡಿ. ಅದಾದ ಮೇಲೆ ಇದನ್ನು ಓಡಿಸಿ:

```
sudo ss -tlnp | grep 27017
```

`0.0.0.0:27017` ಅಂತ ಬಂದರೆ ಡೇಟಾಬೇಸ್ ಎಲ್ಲ ಕಡೆಯಿಂದಲೂ ಸಂಪರ್ಕ ತಗೊಳ್ಳುತ್ತಿತ್ತು ಅಂತ ಅರ್ಥ. ಫೈರ್‌ವಾಲ್ ಕೂಡ ತೆರೆದಿದ್ದರೆ ಜಗತ್ತಿಗೇ ಬಾಗಿಲು ತೆಗೆದಂತೆ.

ಈಗ ಮುಖ್ಯ ಪ್ರಶ್ನೆ. ಅವರು ಡೇಟಾ ಒಯ್ದರಾ, ಇಲ್ಲ ಸುಮ್ನೆ ಅಳಿಸಿ ದುಡ್ಡು ಕೇಳುವ ಚೀಟಿ ಬಿಟ್ಟರಾ? ಎಷ್ಟೋ ಸಲ ಬರೀ ಅಳಿಸಿರುತ್ತಾರೆ, ಕಾಪಿಯೇ ಇರುವುದಿಲ್ಲ. ಅದಕ್ಕೇ ದುಡ್ಡು ಕೊಟ್ಟವರಿಗೂ ಏನೂ ಸಿಗುವುದಿಲ್ಲ. ಆದರೆ ಹಾಗೇ ಇರುತ್ತದೆ ಅಂತ ನಂಬಿ ಕೂರುವಂತಿಲ್ಲ. ಮಾಂಗೋ ಲಾಗ್‌ನಲ್ಲಿ `Connection accepted` ಸಾಲುಗಳ ಪಕ್ಕದ ಐಪಿ ನೋಡಿ. ಮಾಮೂಲಿ ಸೆಟ್ಟಿಂಗ್‌ನಲ್ಲಿ ಮಾಂಗೋ ಪ್ರತಿ ಕ್ವೆರಿಯನ್ನೂ ಬರೆದಿಡುವುದಿಲ್ಲ, ನಿಧಾನವಾದವನ್ನು ಮಾತ್ರ. ಹಾಗಾಗಿ ಲಾಗ್‌ನಲ್ಲಿ ಏನೂ ಕಾಣಲಿಲ್ಲ ಅಂದರೆ ಏನೂ ಆಗಿಲ್ಲ ಅಂತ ಅಲ್ಲ. ಕ್ಲೌಡ್ ಪೋರ್ಟಲ್‌ನಲ್ಲಿ ಹೊರಹೋದ ನೆಟ್‌ವರ್ಕ್ ಗ್ರಾಫ್ ತೆಗೆಯಿರಿ. ಯಾರೂ ಕೆಲಸ ಮಾಡದ ಹೊತ್ತಿನಲ್ಲಿ ಡೇಟಾಬೇಸ್ ಗಾತ್ರಕ್ಕೆ ಹತ್ತಿರ ಹತ್ತಿರ ಹೊರಗೆ ಹೋಗಿದ್ದರೆ ಒಯ್ದಿದ್ದಾರೆ ಅಂತಲೇ ಇಟ್ಟುಕೊಳ್ಳಿ.

ನವೀನ್: ನಮ್ಮದು ನಾಲ್ಕು ಜನರ ಕಂಪನಿ, ನಮಗೂ ಈ ಹೊಸ ಕಾಯ್ದೆ ಅನ್ವಯ ಆಗುತ್ತಾ?

ಸುಮಾ ಮೇಡಂ: ಆಗುತ್ತೆ. ಜನ ಎಷ್ಟಿದ್ದಾರೆ ಅನ್ನುವುದು ಲೆಕ್ಕಕ್ಕಿಲ್ಲ.

ಪ್ರಶಾಂತ್: ಅನ್ವಯ ಆಗಲ್ಲ ಮೇಡಂ. ಸ್ಟಾರ್ಟಪ್‌ಗಳಿಗೆ ವಿನಾಯಿತಿ ಅಂತ ಕಾಯ್ದೆಯಲ್ಲೇ ಇದೆ. ಸೆಕ್ಷನ್ 17.

ಸುಮಾ ಮೇಡಂ: ಅರ್ಧ ಓದಿದ್ದೀರಿ. 17(3)ರಲ್ಲಿ ಕೆಲವರಿಗೆ ವಿನಾಯಿತಿ ಕೊಡಲು *ಸರ್ಕಾರಕ್ಕೆ* ಅಧಿಕಾರ ಇದೆ. ಅಧಿಸೂಚನೆ ಇಲ್ಲದೆ ತಾನಾಗಿ ಸಿಗುವುದಿಲ್ಲ. ಸಿಕ್ಕರೂ ನೋಟಿಸ್ ಕೊಡುವುದು, ಡೇಟಾ ಅಳಿಸುವುದು, ಇಂಥ ಕೆಲವಕ್ಕೆ ಮಾತ್ರ. ಡೇಟಾ ಭದ್ರವಾಗಿ ಇಡುವುದು, ಸೋರಿದರೆ ತಿಳಿಸುವುದು, ಇವೆರಡು ಆ ಪಟ್ಟಿಯಲ್ಲೇ ಇಲ್ಲ. ಅವೆರಡಕ್ಕೂ ದೊಡ್ಡ ದಂಡವೇ ಇದೆ. ಭದ್ರತೆಗೆ 250 ಕೋಟಿವರೆಗೆ, ತಿಳಿಸದಿದ್ದರೆ 200 ಕೋಟಿವರೆಗೆ.

ಕಿರಣ್: ಕ್ಲಿನಿಕ್‌ನವರಿಗೆ ಹೇಳಲೇಬೇಕಾ ಮೇಡಂ? ಡೇಟಾ ಅವರದ್ದು, ನಾವು ಸಾಫ್ಟ್‌ವೇರ್ ಮಾತ್ರ.

ಪ್ರಶಾಂತ್: ಹೇಳಿದರೆ ಕ್ಲೈಂಟ್ ಹೋದ ಅಂತಲೇ. ಒಯ್ದಿದ್ದಾರೆ ಅಂತ ಸಾಬೀತಾಗುವವರೆಗೆ ಬಾಯಿ ಮುಚ್ಚಿಕೊಂಡಿರಿ.

ಭಾರತಿ: ನನ್ನ ಸ್ಕ್ಯಾನಿಂಗ್ ರಿಪೋರ್ಟ್ ಹೀಗೇ ಎಲ್ಲಿಂದಲೋ ಸೋರಿ, ಯಾರೋ ಫೋನ್ ಮಾಡಿ ಬೇಬಿ ಪ್ರಾಡಕ್ಟ್ ಮಾರಲು ಬಂದರು. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿರಲಿಲ್ಲ ನಾವು. ಬಾಯಿ ಮುಚ್ಚಿಕೊಂಡಿರಿ ಅನ್ನೋರಿಗೆ ಇದು ಗೊತ್ತಾಗಲ್ಲ.

ಪ್ರಶಾಂತ್: ಅದಕ್ಕೂ ಇದಕ್ಕೂ ಏನ್ರೀ ಸಂಬಂಧ? ಇಲ್ಲಿ ಆರು ಜನರ ಸಂಬಳದ ಪ್ರಶ್ನೆ.

ಭಾರತಿ: ಸಂಬಳ ಬರೋದು ಆ ರೋಗಿಗಳ ದುಡ್ಡಿನಿಂದಲೇ ಅಲ್ವಾ?

ಸುಮಾ ಮೇಡಂ: ಇಬ್ಬರೂ ಬೇರೆ ಕಡೆ ಜಗಳ ಆಡಿ. ಕಿರಣ್, ಹೇಳಬೇಕು, ಇವತ್ತೇ. ರೋಗಿಯ ಡೇಟಾ ಯಾಕೆ ಬೇಕು ಅಂತ ತೀರ್ಮಾನ ಮಾಡಿದ್ದು ಕ್ಲಿನಿಕ್. ನೀವು ಅವರ ಪರವಾಗಿ ಇಟ್ಟುಕೊಂಡವರು. ಹೊಸ ಕಾಯ್ದೆಯಲ್ಲಿ ನಿಮ್ಮ ತಪ್ಪಿಗೂ ಮೊದಲು ಉತ್ತರ ಕೊಡಬೇಕಾದವರು ಅವರು. ಸೋರಿಕೆ ಕುರಿತ ಭಾಗ ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ. ಆಗ ಕ್ಲಿನಿಕ್ ತಡಮಾಡದೆ ಪ್ರತಿ ರೋಗಿಗೂ ತಿಳಿಸಬೇಕು, ಡೇಟಾ ಸಂರಕ್ಷಣಾ ಮಂಡಳಿಗೂ ತಿಳಿಸಬೇಕು, ಗೊತ್ತಾದ 72 ಗಂಟೆಯೊಳಗೆ ಮಂಡಳಿಗೆ ಪೂರ್ತಿ ವಿವರ ಕೊಡಬೇಕು. ನೀವು ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು?

ಹಾಗಂತ ಇವತ್ತು ನೀವು ಪಾರು ಅಂತಲ್ಲ. ಅಲ್ಲಿಯವರೆಗೆ ಐಟಿ ಕಾಯ್ದೆಯ 43ಎ ಇದೆ. ಆರೋಗ್ಯದ ದಾಖಲೆಯಂಥ ಸೂಕ್ಷ್ಮ ಮಾಹಿತಿಯನ್ನು ತನ್ನ ಕಂಪ್ಯೂಟರ್‌ನಲ್ಲಿ ಇಟ್ಟುಕೊಂಡ ಕಂಪನಿ ಅಸಡ್ಡೆ ಮಾಡಿ ಯಾರಿಗಾದರೂ ನಷ್ಟ ಆದರೆ ಪರಿಹಾರ ಕೊಡಬೇಕು. ಡೇಟಾ ಯಾರದ್ದು ಅಂತ ಅದು ಕೇಳುವುದಿಲ್ಲ, ಸರ್ವರ್ ಯಾರ ಕೈಯಲ್ಲಿತ್ತು ಅಂತ ಕೇಳುತ್ತದೆ.

ಗಿರೀಶ್: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಬಹುದು: "ವೆಬ್‌ಸೈಟ್ ಕೆಳಗೆ 'ಡೇಟಾ ನಷ್ಟಕ್ಕೆ ಕಂಪನಿ ಹೊಣೆಯಲ್ಲ' ಅಂತ ಹಾಕಿ, 1,999ಕ್ಕೆ ಸರ್ಕಾರಿ ಡಿಪಿಡಿಪಿ ಸರ್ಟಿಫಿಕೇಟ್ ಪಡೆಯಿರಿ, ದಂಡದಿಂದ ಪಾರಾಗಿ."

ಸುಮಾ ಮೇಡಂ: ದಯವಿಟ್ಟು ಇಂಥದ್ದನ್ನು ಇಲ್ಲಿ ಹಾಕಬೇಡಿ. ದಂಡದಿಂದ ಪಾರು ಮಾಡುವ ಸರ್ಕಾರಿ ಸರ್ಟಿಫಿಕೇಟ್ ಯಾವುದೂ ಇಲ್ಲ. ಹೊಣೆಯಲ್ಲ ಅಂತ ನೀವೇ ಬರೆದುಕೊಂಡರೆ ಹೊಣೆ ಹೋಗುವುದಿಲ್ಲ. ದುಡ್ಡು ಮಾತ್ರ ಹೋಗುತ್ತದೆ.

ಗಿರೀಶ್: ನಾನು ಬರೆದದ್ದಲ್ಲ ಮೇಡಂ, ಬಂದದ್ದು ಹಾಕಿದೆ ಅಷ್ಟೇ.

ಸುಮಾ ಮೇಡಂ: ಅದೇ ತೊಂದರೆ.

ಶೈಲಜಾ, ಫ್ರಾಂಕ್‌ಫರ್ಟ್: ನಮ್ಮ ಸಾಫ್ಟ್‌ವೇರ್‌ನ ಗ್ರಾಹಕರು ಜರ್ಮನಿಯಲ್ಲಿ, ಸಪೋರ್ಟ್ ಟೀಮ್ ಧಾರವಾಡದಲ್ಲಿ. ಎರಡೂ ಕಡೆಯ ಕಾನೂನು ಪಾಲಿಸಬೇಕಾ?

ಮಧು: ಮೇಡಂ, ಸಣ್ಣ ಕಂಪನಿಗೂ ಇದು ಅನ್ವಯಾನಾ?

ಸುಮಾ ಮೇಡಂ: ಮೇಲೆ ಓದಿ.

ಕಿರಣ್: ಮೇಲ್ ಕಳಿಸಿದೆ, 2:50ಕ್ಕೆ. ಗ್ರಾಫ್ ನೋಡಿದೆ. ರಾತ್ರಿ ಒಂದೂವರೆಯಿಂದ ಎರಡರ ಮಧ್ಯೆ 3 ಜಿಬಿ ಹೊರಗೆ ಹೋಗಿದೆ. ಡೇಟಾಬೇಸ್ 4 ಜಿಬಿ ಇತ್ತು. ಇನ್ನೊಂದು ವಿಷಯ. ಹೋದ ವರ್ಷ ನಮ್ಮನ್ನು ಬಿಟ್ಟುಹೋದ ಎರಡು ಕ್ಲಿನಿಕ್‌ಗಳ ರೋಗಿಗಳೂ ಅದರಲ್ಲಿ ಇದ್ದರು.

ಸುಮಾ ಮೇಡಂ: ನನಗೆ ಜಾಸ್ತಿ ಚಿಂತೆ ಆಗುತ್ತಿರುವುದು ಈ ಕೊನೆಯ ಸಾಲಿನದ್ದು. ಹಾಲಿ ಕ್ಲಿನಿಕ್‌ಗಳ ಡೇಟಾ ನಿಮ್ಮ ಹತ್ತಿರ ಇರಲು ಕಾರಣ ಇದೆ. ಬಿಟ್ಟುಹೋದವರದ್ದು ಯಾಕೆ ಇತ್ತು ಅಂತ ಕೇಳಿದರೆ ಏನು ಹೇಳುತ್ತೀರಿ? ಆ ಎರಡು ಕ್ಲಿನಿಕ್‌ಗಳ ಹಳೆಯ ಒಪ್ಪಂದ ತೆಗೆಯಿರಿ. ಕೆಲಸ ಮುಗಿದ ಮೇಲೆ ಡೇಟಾ ವಾಪಸ್ ಕೊಡಬೇಕು, ಅಳಿಸಬೇಕು ಅಂತ ಬರೆದಿದೆಯಾ ನೋಡಿ. ಅವರಿಗೂ ಇವತ್ತೇ ಪತ್ರ ಬರೆಯಿರಿ. ಅದರಲ್ಲಿ "ಸೋರಿರಬಹುದು" ಅಂತ ನುಣುಚಿಕೊಳ್ಳಬೇಡಿ. 3 ಜಿಬಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ, ಯಾವ ಯಾವ ಕಾಲಂಗಳು, ಎಲ್ಲ ಬರೆಯಿರಿ. ಹೆಸರು, ಫೋನ್ ಮಾತ್ರವಾ, ಕಾಯಿಲೆಯ ವಿವರವೂ ಇತ್ತಾ?

ಕಿರಣ್: ಡಾಕ್ಟರ್ ಟಿಪ್ಪಣಿಯ ಕಾಲಂ ಇತ್ತು.

ಪ್ರಶಾಂತ್: ಆ ಹುಡುಗನನ್ನು ತೆಗೆದುಹಾಕಿ ಮೊದಲು.

ಸುಮಾ ಮೇಡಂ: ಅವನನ್ನು ತೆಗೆದರೆ ಏನೇನು ಕಾಪಿ ಮಾಡಿದ್ದ ಅಂತ ಹೇಳಲು ಯಾರೂ ಇರುವುದಿಲ್ಲ. ಲೈವ್ ಡೇಟಾಬೇಸ್ ಪೂರ್ತಿ ಕಾಪಿ ಮಾಡುವಷ್ಟು ಅಧಿಕಾರ ಅವನ ಲಾಗಿನ್‌ಗೆ ಕೊಟ್ಟವರು ಯಾರು? ಕಿರಣ್, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಲ್ಯಾಪ್‌ಟಾಪ್‌ನ ಡೌನ್‌ಲೋಡ್ ಫೋಲ್ಡರ್ ನೋಡಿ. ಡಂಪ್ ಫೈಲ್ ಅಲ್ಲೂ ಇದ್ದೀತು. ಆ ಡಂಪ್‌ನಲ್ಲಿ ಪಾಸ್‌ವರ್ಡ್, ಎಸ್‌ಎಂಎಸ್ ಕೀ ಏನಾದರೂ ಇದ್ದರೆ ಲೈವ್ ಸರ್ವರ್‌ನಲ್ಲಿ ಈಗಲೇ ಬದಲಾಯಿಸಿ.

ಕಿರಣ್: ರೋಗಿಗಳಿಗೂ ನಾವೇ ಮೆಸೇಜ್ ಮಾಡಬೇಕಾ?

ಸುಮಾ ಮೇಡಂ: ನೀವಾಗಿಯೇ ಮಾಡಬೇಡಿ. ಅವರಿಗೆ ನೀವು ಯಾರು ಅಂತಲೇ ಗೊತ್ತಿಲ್ಲ, ಮೋಸದ ಮೆಸೇಜ್ ಅಂದುಕೊಳ್ಳುತ್ತಾರೆ. ಕ್ಲಿನಿಕ್ ಹೆಸರಿನಲ್ಲಿ ಹೋಗಬೇಕು. ಪಟ್ಟಿ ನೀವು ಮಾಡಿಕೊಡಿ, ಡಾಕ್ಟರ್‌ಗೆ ಪತ್ರ ಕಳಿಸಿ ಸುಮ್ಮನಾಗದೆ ಫೋನ್ ಕೂಡ ಮಾಡಿ.