ಅಪ್‌ಡೇಟ್: ಓಣಿಯವರು ಸೇರಿ ಮಾಡಿದ ಖಾರದ ಪುಡಿ

ನಾನು ಕೇಳಿದ್ದು: "ಹಾವೇರಿಯಲ್ಲಿ ಎಂಟು ಮನೆಯವರು ತಲಾ 2,000 ರೂಪಾಯಿ ಹಾಕಿದರೆ ಏನು ಶುರು ಮಾಡಬಹುದು?"

ಬ್ಯಾಡಗಿ ಮೆಣಸಿನಕಾಯಿ ಪುಡಿ ಶುರು ಮಾಡಿದೆವು. ಕಿಲೋಗೆ 250ರಂತೆ 40 ಕಿಲೋ ಕಾಯಿ ತಂದೆವು. ಚೀಲದ ತಳದ ಕಾಯಿ ತೆಗೆದು ಅಲ್ಲಾಡಿಸಿ ನೋಡಿ ಅಂದಿದ್ದ ಅಕ್ಕನಿಗೆ ದೊಡ್ಡ ಥ್ಯಾಂಕ್ಸ್. ಬೀಜ ಗಿಲಗಿಲ ಅಂದರೆ ಒಣಗಿದೆ ಅಂತ ಅರ್ಥ. ಮೆತ್ತಗಿದ್ದು ಸದ್ದೇ ಬರದಿದ್ದರೆ ತೇವ ಉಳಿದಿದೆ, ಅಂಥದ್ದು ಚೀಲದಲ್ಲೇ ಬೂಸ್ಟು ಹಿಡಿಯುತ್ತದೆ.

ಮತ್ತೆ ಬಿಸಿಲಿಗೆ ಹಾಕಿ, ತೊಟ್ಟು ಬಿಡಿಸಿ ಗಿರಣಿಗೆ ಕೊಟ್ಟೆವು. ಕೈಗೆ ಬಂದ ಪುಡಿ 35 ಕಿಲೋ. ಕಾಯಿಯ ದುಡ್ಡು, ಬೀಸಿದ್ದು, ಪ್ಯಾಕೆಟ್ಟು, ಎಫ್‌ಎಸ್‌ಎಸ್‌ಎಐ ನೋಂದಣಿ ಎಲ್ಲ ಸೇರಿ ಖರ್ಚು 11,750. ಇದನ್ನು ಭಾಗಿಸಬೇಕಾದ್ದು ಕಾಯಿಯ ತೂಕದಿಂದಲ್ಲ, ಪುಡಿಯ ತೂಕದಿಂದ. ಹಾಗಾಗಿ ಕಿಲೋಗೆ ಸುಮಾರು 336 ಬಿತ್ತು, 400ಕ್ಕೆ ಮಾರುತ್ತಿದ್ದೇವೆ. ನಮ್ಮ ಕೂಲಿ ಇದರಲ್ಲಿ ಹಿಡಿದಿಲ್ಲ, ಮುಂದಿನ ಸಲ ಹಿಡಿಯಲೇಬೇಕು. ಉಳಿದ 4,250 ಜಂಟಿ ಖಾತೆಯಲ್ಲಿದೆ.